ಉಪ್ಪಿನ ಲೆಕ್ಕ ಅಡುಗೆಯವರಿಗೆ ಹೇಳುವ ಬಗೆ

ಡಾಕ್ಟರು ಬಿಪಿ ನೋಡಿ, ಚೀಟಿ ಬರೆದು, ಕೊನೆಗೆ ಒಂದು ಮಾತು ಸೇರಿಸುತ್ತಾರೆ: “ಊಟದಲ್ಲಿ ಉಪ್ಪು ಕಡಿಮೆ ಮಾಡಿ.” ಆ ಮಾತು ಕೇಳಿಸಿಕೊಳ್ಳುವವರು ರೋಗಿ ಮತ್ತು ಜೊತೆಗೆ ಹೋದವರು. ಆದರೆ ನಗರದ ಎಷ್ಟೋ ಮನೆಗಳಲ್ಲಿ ಹುಳಿಗೆ, ಪಲ್ಯಕ್ಕೆ, ಉಪ್ಪಿಟ್ಟಿಗೆ ಎಷ್ಟು ಉಪ್ಪು ಬೀಳಬೇಕೆಂದು ತೀರ್ಮಾನಿಸುವ ಕೈ ಇನ್ನೊಬ್ಬರದು. ಬೆಳಿಗ್ಗೆ ಏಳಕ್ಕೆ ಬಂದು, ಒಂಬತ್ತರೊಳಗೆ ತಿಂಡಿ-ಅಡುಗೆ ಮುಗಿಸಿ, ಮುಂದಿನ ಮನೆಗೆ ಹೊರಡುವ ಅಡುಗೆಯಾಕೆಯದು. ಮಾತ್ರೆ ನುಂಗಿಸುವ ಜವಾಬ್ದಾರಿ ಮನೆಯವರದಾದರೆ, ಪಥ್ಯದ ಬಹುಪಾಲು ನಡೆಯುವುದು ಆಕೆಯ ಕೈಯಲ್ಲಿ. ಆಕೆಗೆ ಈ ಸುದ್ದಿ ಹೇಗೆ ಮುಟ್ಟುತ್ತದೆ ಎಂಬುದರ ಮೇಲೆ ಪಥ್ಯ ನಿಲ್ಲುತ್ತದೋ, ಎರಡೇ ವಾರದಲ್ಲಿ ಮುರಿದುಬೀಳುತ್ತದೋ ಎನ್ನುವುದು ನಿಂತಿದೆ.

ಸಾಮಾನ್ಯವಾಗಿ ಅದು ಮುಟ್ಟುವ ರೀತಿ ಹೀಗೆ. ಆಕೆ ಒಗ್ಗರಣೆಗೆ ಎಣ್ಣೆ ಇಟ್ಟಿರುತ್ತಾಳೆ, ಮನೆಯಾಕೆ ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ಬಾಗಿಲಿಂದಲೇ ಹೇಳುತ್ತಾಳೆ: “ಇವತ್ತಿಂದ ಉಪ್ಪು ಕಡಿಮೆ ಹಾಕಿ, ಮಾವನವರಿಗೆ ಬಿಪಿ ಬಂದಿದೆ.” ಹೇಳಿದವರಿಗೆ ಇದು ಬರೀ ಸೂಚನೆ. ಕೇಳಿದವರಿಗೆ ಅದರಲ್ಲಿ ಎರಡು ಮಾತು ಕೇಳಿಸುತ್ತದೆ. ನಾನು ಉಪ್ಪು ಜಾಸ್ತಿ ಹಾಕುತ್ತಿದ್ದೆ ಎನ್ನುವುದು ಒಂದು, ಅದರಿಂದಲೇ ಯಜಮಾನರಿಗೆ ಕಾಯಿಲೆ ಬಂತು ಎನ್ನುವುದು ಇನ್ನೊಂದು. ಅಡುಗೆಯವರಿಗೆ ಕೈರುಚಿಯೇ ಹೆಸರು, ಅದೇ ಅನ್ನ. ಉಪ್ಪಿನ ಬಗ್ಗೆ ಆಡಿದ ಮಾತು ಅಲ್ಲಿಗೇ ತಗಲುತ್ತದೆ.

ಇನ್ನೊಂದು ತೊಡಕೂ ಇದೆ. “ಕಡಿಮೆ” ಎಂದರೆ ಎಷ್ಟು? ಒಬ್ಬರಿಗೆ ಒಂದು ಹರಳು, ಇನ್ನೊಬ್ಬರಿಗೆ ಅರ್ಧಕ್ಕರ್ಧ. ಮೊದಲ ದಿನ ಹುಳಿ ಸಪ್ಪೆಯಾಗುತ್ತದೆ, ಮಗ ತಟ್ಟೆ ಸರಿಸಿ ಎದ್ದುಹೋಗುತ್ತಾನೆ, ಉಳಿದ ಹುಳಿ ಮರುದಿನ ಫ್ರಿಜ್‌ನಲ್ಲಿ ಆಕೆಯ ಕಣ್ಣಿಗೆ ಬೀಳುತ್ತದೆ. ಮೂರನೆಯ ದಿನ ಯಾರಿಗೂ ಹೇಳದೆ ಆಕೆ ಸ್ವಲ್ಪ ಸೇರಿಸುತ್ತಾಳೆ. ತಟ್ಟೆಗಳು ಖಾಲಿಯಾಗುತ್ತವೆ, ಎಲ್ಲರಿಗೂ ಸಮಾಧಾನ. ಎರಡು ವಾರದೊಳಗೆ ಹಳೆಯ ಅಳತೆ ವಾಪಸು ಬಂದಿರುತ್ತದೆ. ಮನೆಯವರು ಮಾತ್ರ ಪಥ್ಯ ನಡೆಯುತ್ತಿದೆ ಎಂದುಕೊಂಡಿರುತ್ತಾರೆ.

ಆದ್ದರಿಂದ ಅಡುಗೆಯಾಕೆಯೊಂದಿಗೆ ಮಾತಾಡುವ ಮೊದಲು ಮನೆಯವರು ತಮ್ಮ ಕಡೆಯ ಲೆಕ್ಕ ಮಾಡಿಕೊಳ್ಳಬೇಕು. ವಿಶ್ವ ಆರೋಗ್ಯ ಸಂಸ್ಥೆಯೂ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯೂ ಹೇಳುವ ಮಿತಿ, ದೊಡ್ಡವರಿಗೆ ದಿನಕ್ಕೆ 5 ಗ್ರಾಂ ಉಪ್ಪು. ಪುಡಿ ಉಪ್ಪಿನಲ್ಲಿ ಅದು ಚಹಾ ಚಮಚದ ತಲೆ ಸವರಿದ ಒಂದು ಚಮಚಕ್ಕೆ ಹೆಚ್ಚುಕಡಿಮೆ ಸಮ. ಉಪ್ಪಿನಕಾಯಿ, ಹಪ್ಪಳ, ಬೇಕರಿ ತಿಂಡಿ ಎಲ್ಲವೂ ಆ ಐದರೊಳಗೇ ಬರಬೇಕು. ಕೆಲವು ರೋಗಿಗಳಿಗೆ ಡಾಕ್ಟರು ಬೇರೆ ಮಿತಿ ಕೊಡುವುದುಂಟು, ಹಾಗಾಗಿ “ದಿನಕ್ಕೆ ಎಷ್ಟು ಗ್ರಾಂ?” ಎಂದು ಅಲ್ಲೇ ಕೇಳಿ ಬರೆಸಿಕೊಂಡು ಬರುವುದು ಒಳ್ಳೆಯದು.

ಮನೆಯ ಈಗಿನ ಲೆಕ್ಕ ತಿಳಿಯಲು ಯಾವ ಯಂತ್ರವೂ ಬೇಡ, ಉಪ್ಪಿನ ಪೊಟ್ಟಣ ಸಾಕು. ನನಗೆ ಹತ್ತಿರದ ಒಂದು ಮನೆಯ ಉದಾಹರಣೆ ಹೇಳುತ್ತೇನೆ. ಗಂಡ, ಹೆಂಡತಿ, ಪಿಯುಸಿ ಓದುವ ಮಗ, ಎಪ್ಪತ್ತು ದಾಟಿದ ಮಾವ, ಹೀಗೆ ನಾಲ್ಕು ಜನ. ಒಂದು ಕಿಲೋ ಉಪ್ಪು ಅಲ್ಲಿ 25 ದಿನಕ್ಕೆ ಮುಗಿಯುತ್ತಿತ್ತು. ಎಂದರೆ ದಿನಕ್ಕೆ 40 ಗ್ರಾಂ, ತಲೆಗೆ 10. ಮಿತಿಯ ಸರಿಯಾಗಿ ಎರಡು ಪಟ್ಟು. ಇದರಲ್ಲಿ ಉಪ್ಪಿನಕಾಯಿ, ಹೊರಗಿನ ತಿಂಡಿ ಸೇರಿಲ್ಲ. ಈ ಅಂಕಿ ನೋಡಿದ ಮೇಲೆ ಸೊಸೆಗೆ ಒಂದು ವಿಷಯ ಸ್ಪಷ್ಟವಾಯಿತು. ಇಷ್ಟು ವರ್ಷ ಮನೆಯವರೆಲ್ಲ ಬೇಡಿ ಮೆಚ್ಚಿ ಉಂಡ ರುಚಿ ಇದು, ಅಡುಗೆಯಾಕೆ ಮನೆಯವರ ನಾಲಿಗೆಯನ್ನೇ ಅನುಸರಿಸಿದ್ದಾರೆ. ಮಾತು ಇಲ್ಲಿಂದಲೇ ಶುರುವಾಗಬೇಕು, ಏಕೆಂದರೆ ಇದು ನಿಜ.

ಮಾತಾಡಲು ಒಲೆ ಆರಿದ ಮೇಲಿನ ಹೊತ್ತು ಆರಿಸಿಕೊಳ್ಳಬೇಕು. ಆಕೆಗೆ ಮುಂದಿನ ಮನೆಗೆ ಹೊತ್ತಾಗುತ್ತದೆ, ಆದ್ದರಿಂದ ಹಿಂದಿನ ದಿನವೇ “ನಾಳೆ ಒಂದರ್ಧ ಗಂಟೆ ಹೆಚ್ಚಿಗೆ ಇರೋಕೆ ಆಗತ್ತಾ?” ಎಂದು ಕೇಳಿ, ಆ ಅರ್ಧ ಗಂಟೆಗೆ ದುಡ್ಡು ಕೊಡಬೇಕು. ಕೂತು, ಕಾಫಿ ಕುಡಿಯುತ್ತಾ ಮಾತಾಡಿದರೆ ಅದು ತಪ್ಪು ಹುಡುಕುವ ಮಾತಲ್ಲ ಎಂದು ಆಕೆಗೆ ತಾನಾಗಿ ಗೊತ್ತಾಗುತ್ತದೆ. ಆ ಮನೆಯಲ್ಲಿ ಸೊಸೆ ಹೇಳಿದ್ದು ಹೀಗೆ: “ಅಕ್ಕ, ಮಾವನವರಿಗೆ ಬಿಪಿ ಜಾಸ್ತಿ ಇದೆಯಂತೆ. ನಿಮ್ಮ ಅಡುಗೆಯಿಂದ ಬಂದಿದ್ದಲ್ಲ. ವಯಸ್ಸಿಗೆ ಬರತ್ತೆ, ಅವರ ಮನೆತನದಲ್ಲೂ ಇದೆ. ನಾವೆಲ್ಲಾ ಉಪ್ಪು ಮುಂದಾಗಿಯೇ ತಿಂದು ಅಭ್ಯಾಸ. ಈಗ ಡಾಕ್ಟ್ರು ಇಷ್ಟೇ ಅಂತ ಲೆಕ್ಕ ಕೊಟ್ಟಿದಾರೆ. ಅಷ್ಟರಲ್ಲೇ ಬಾಯಿಗೆ ಹಿತವಾಗಿ ಮಾಡೋದು ಹೇಗೆ ಅಂತ ನಮಗೆ ಗೊತ್ತಿಲ್ಲ. ನಿಮಗೆ ಗೊತ್ತಿರತ್ತೆ.” ಆಕೆ ಕೇಳಿದ ಮೊದಲ ಪ್ರಶ್ನೆ, “ನಮ್ಮತ್ತೆಗೂ ಬಿಪಿ ಇದೆಯಮ್ಮ, ಅವರಿಗೆ ಸಪ್ಪೆಸಾರು ಕೊಡ್ತಿದ್ವಿ. ಪೂರ್ತಿ ಬಿಡಿಸ್ಬೇಕಾ?” ಎಂದು.

ಈ ಪ್ರಶ್ನೆಗೆ ಸರಿಯಾದ ಉತ್ತರ ಹೇಳುವುದು ಬಹಳ ಮುಖ್ಯ. ಪೂರ್ತಿ ಬಿಡಿಸಬಾರದು. ವಯಸ್ಸಾದವರು, ಅದರಲ್ಲೂ ಮೂತ್ರ ಹೆಚ್ಚಿಸುವ ನೀರಿನ ಮಾತ್ರೆ ತೆಗೆದುಕೊಳ್ಳುವವರು, ಉಪ್ಪನ್ನು ವಿಪರೀತ ಕಡಿಮೆ ಮಾಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಸುಸ್ತು, ತಲೆಸುತ್ತು, ಮಾತು ತಡವರಿಸುವುದು, ಗೊಂದಲ ಕಾಣಿಸಿಕೊಳ್ಳಬಹುದು. ಅದನ್ನು ವಯಸ್ಸಿನ ಮರೆವು ಎಂದು ತಳ್ಳಿಹಾಕದೆ ಡಾಕ್ಟರಿಗೆ ತೋರಿಸಬೇಕು. ಪ್ರೀತಿಯಿಂದಲೇ ಅಡುಗೆಯಾಕೆ ಅತಿಯಾಗಿ ಕಡಿಮೆ ಮಾಡಿಬಿಡುವ ಸಾಧ್ಯತೆ ಇರುವುದರಿಂದ “ಕಡಿಮೆ” ಎನ್ನುವ ಮಾತಿಗಿಂತ ಕಣ್ಣಿಗೆ ಕಾಣುವ ಒಂದು ಅಳತೆ ಕೊಡುವುದು ಕ್ಷೇಮ.

ಅಳತೆ ಎಂದ ಕೂಡಲೇ ನಮ್ಮಂಥವರ ಕೈ ಚಮಚದ ಕಡೆ ಹೋಗುತ್ತದೆ. ಇಲ್ಲೇ ಒಂಚೂರು ನಿಧಾನಿಸಬೇಕು. ಮೂವತ್ತು ವರ್ಷ ಕೈಯಳತೆಯಲ್ಲೇ ಅಡುಗೆ ಮಾಡಿದವರಿಗೆ ಚಮಚ ಕೊಡುವುದೆಂದರೆ ನಿಮ್ಮ ಕೈ ಮೇಲೆ ನಮಗೆ ನಂಬಿಕೆಯಿಲ್ಲ ಎಂದ ಹಾಗೆ. ಅದೂ ಅಲ್ಲದೆ, ಮಡಿ-ನೈವೇದ್ಯ ಇರುವ ಮನೆಗಳಲ್ಲಿ ಅಡುಗೆಯವರು ರುಚಿಯನ್ನೂ ನೋಡುವುದಿಲ್ಲ. ಕುದಿಯುವ ಹುಳಿಯ ಬಣ್ಣ, ವಾಸನೆ, ಪಾತ್ರೆಯಲ್ಲಿ ಎಷ್ಟು ಎತ್ತರಕ್ಕಿದೆ ಎನ್ನುವುದು, ಇಷ್ಟರ ಮೇಲೆಯೇ ಉಪ್ಪು ಬೀಳುತ್ತದೆ. ಹಾಗಿದ್ದೂ ದಿನದಿಂದ ದಿನಕ್ಕೆ ರುಚಿ ಬದಲಾಗುವುದಿಲ್ಲ. ಆ ಕೈ ಅಷ್ಟು ಖಚಿತ.

ಸೊಸೆ ಆ ಕೈಯನ್ನೇ ತೂಗಿದಳು. ಅಡುಗೆಮನೆಯ ಪುಟ್ಟ ಡಿಜಿಟಲ್ ತಕ್ಕಡಿಯ ಮೇಲೆ ಬಟ್ಟಲಿಟ್ಟು, “ಅಕ್ಕ, ಹುಳಿಗೆ ದಿನಾ ಎಷ್ಟು ಹಾಕ್ತೀರೋ ಅಷ್ಟನ್ನು ಇದಕ್ಕೆ ಹಾಕಿ” ಅಂದಳು. ಆಕೆ ಬೆರಳು ಮುದುಡಿ ಉಪ್ಪು ತೆಗೆದು ಹಾಕಿದರು, 12 ಗ್ರಾಂ. ಅದನ್ನು ತೆಗೆದು ಮತ್ತೊಮ್ಮೆ, ಮಗದೊಮ್ಮೆ. ಮೂರು ಸಲವೂ 12ರ ಆಸುಪಾಸಿನಲ್ಲೇ ಬಂತು. ತಕ್ಕಡಿಯ ಮೇಲೆ ತಮ್ಮ ಕೈ ಮೂರು ಸಲ ಒಂದೇ ಸಮ ಬಂದದ್ದು ನೋಡಿ ಆಕೆಗೇ ಆಶ್ಚರ್ಯ, ಒಂದಿಷ್ಟು ಹೆಮ್ಮೆ. ಸಾರಿಗೆ 8, ಉಪ್ಪಿಟ್ಟಿಗೆ 7, ಪಲ್ಯಕ್ಕೆ 5, ಚಟ್ನಿಗೆ 3, ಚಪಾತಿ ಹಿಟ್ಟಿಗೆ 2. ಒಟ್ಟು 37 ಗ್ರಾಂ. ಉಳಿದ ಮೂರು ಗ್ರಾಂ ಮಜ್ಜಿಗೆಗೆ ಮತ್ತು ಊಟದ ಮೇಜಿನ ಮೇಲಿನ ಪುಟ್ಟ ಬಟ್ಟಲಿಗೆ ಹೋಗುತ್ತಿತ್ತು. ಪೊಟ್ಟಣದ ಲೆಕ್ಕವೂ ಕೈಯ ಲೆಕ್ಕವೂ ಕೂಡಿಬಂದವು.

ಆಮೇಲೆ ಹೂಡಿದ ಏರ್ಪಾಡು ಸರಳ. ನಾಲ್ಕು ಜನಕ್ಕೆ ದಿನಕ್ಕೆ 20 ಗ್ರಾಂ, ಅದರಲ್ಲಿ ನಾಲ್ಕು ಗ್ರಾಂ ಹೊರಗಿನ ತಿಂಡಿಗೂ ಅಪರೂಪದ ಉಪ್ಪಿನಕಾಯಿಗೂ ಬಿಟ್ಟರೆ, ಅಡುಗೆಗೆ 16. ರಾತ್ರಿಯೇ ಒಂದು ಪುಟ್ಟ ಸ್ಟೀಲ್ ಡಬ್ಬಿಗೆ ಆ ದಿನದ ಉಪ್ಪು ತೂಗಿ ಹಾಕಿಡುವುದು ಮನೆಯವರ ಕೆಲಸ. ಅದನ್ನು ಯಾವುದಕ್ಕೆ ಎಷ್ಟು ಹಂಚಬೇಕು ಎನ್ನುವುದು ಪೂರ್ತಿ ಆಕೆಗೆ ಸೇರಿದ್ದು. ದೊಡ್ಡ ಉಪ್ಪಿನ ಭರಣಿ ಮೇಲಿನ ಅಟ್ಟಕ್ಕೆ ಹೋಯಿತು. ಈ ಏರ್ಪಾಡಿನಲ್ಲಿ ಓದು ಬರಹ ಬೇಕಿಲ್ಲ, ಭಾಷೆಯೂ ಅಡ್ಡ ಬರುವುದಿಲ್ಲ. ಬೆಂಗಳೂರಿನಂಥ ಊರಲ್ಲಿ ಅಡುಗೆಯಾಕೆ ತೆಲುಗೋ ತಮಿಳೋ ಆಡುವವರಾಗಿರಬಹುದು. ಆಕೆ ರಜೆ ಹಾಕಿದ ದಿನ ಬದಲಿಗೆ ಬಂದವರಿಗೂ “ಈ ಡಬ್ಬಿಯಷ್ಟೇ” ಎಂದರೆ ಮುಗಿಯಿತು.

ಒಮ್ಮೆಗೇ 37ರಿಂದ 16ಕ್ಕೆ ಇಳಿಸಿದರೆ ಯಾರೂ ಉಣ್ಣಲಾರರು. ಡಾಕ್ಟರು ತಕ್ಷಣ ಬಿಗಿಯಾದ ಪಥ್ಯ ಹೇಳಿಲ್ಲವಾದರೆ ವಾರಕ್ಕಿಷ್ಟು ಎಂದು ಇಳಿಸಬಹುದು. ಮೊದಲ ವಾರ 30, ಮುಂದಿನ ವಾರ 25, ಆಮೇಲೆ 20, ಕೊನೆಗೆ 16. ನಾಲಿಗೆ ಕೆಲವು ವಾರಗಳಲ್ಲಿ ಹೊಸ ಅಳತೆಗೆ ಒಗ್ಗಿಕೊಳ್ಳುತ್ತದೆ, ಆಮೇಲೆ ಹೋಟೆಲಿನ ಸಾಂಬಾರೇ ಉಪ್ಪುಪ್ಪು ಎನ್ನಿಸತೊಡಗುತ್ತದೆ. ಹೃದಯ ದುರ್ಬಲವಾಗಿ ಕಾಲು ಊದಿಕೊಂಡವರಿಗೆ, ಮೂತ್ರಪಿಂಡದ ತೊಂದರೆ ಇರುವವರಿಗೆ ಇಷ್ಟು ಸಾವಧಾನ ಸಲ್ಲದು. ಅಂಥವರಿಗೆ ಮೊದಲ ದಿನದಿಂದಲೇ ಬೇರೆ ತೆಗೆದಿಡಬೇಕು. ಹುಳಿ ಕುದಿದ ಮೇಲೆ ಕೊನೆಯಲ್ಲಿ ಉಪ್ಪು ಹಾಕುವ ರೂಢಿ ಮಾಡಿಕೊಂಡರೆ, ಅವರ ಪಾಲನ್ನು ಮೊದಲೇ ಒಂದು ಪುಟ್ಟ ಪಾತ್ರೆಗೆ ತೆಗೆದು, ಅದಕ್ಕೆ ಬೇಕಾದ ಚಿಟಿಕೆ ಮಾತ್ರ ಹಾಕಿ, ಉಳಿದುದಕ್ಕೆ ಎಂದಿನಂತೆ ಹಾಕಬಹುದು. ಎರಡು ಅಡುಗೆ ಮಾಡುವ ಹೊರೆ ಆಕೆಗೆ ತಪ್ಪುತ್ತದೆ.

ಎಲ್ಲಿಂದ ಕಡಿಮೆ ಮಾಡುವುದು ಎಂದು ಆಕೆಯನ್ನೇ ಕೇಳಿದಾಗ ಬಂದ ಉತ್ತರ, ಪುಸ್ತಕ ಓದಿದವರೂ ಮೆಚ್ಚುವಂಥದ್ದು. “ಚಪಾತಿಗೆ ಹಾಕೋದು ಯಾರಿಗೂ ಗೊತ್ತಾಗಲ್ಲ, ಅದನ್ನ ಮೊದ್ಲು ಬಿಡೋಣ” ಎಂದರು. ಪಲ್ಯದ ಜೊತೆ ಹೋಗುವ ಚಪಾತಿಯಲ್ಲಿ, ಸಾರಿನಲ್ಲಿ ಅದ್ದುವ ಮುದ್ದೆಯಲ್ಲಿ ಉಪ್ಪು ಇಲ್ಲದ್ದು ನಿಜವಾಗಿಯೂ ತಿಳಿಯುವುದಿಲ್ಲ. ಆಮೇಲೆ ಆಕೆ ಹೇಳಿದ್ದು, “ಹುಳಿ ಮಾಡಿದ ದಿನ ಸಾರು ಯಾಕಮ್ಮ?” ಎಂದು. ಹುಳಿ, ಸಾರು ಎರಡೂ ಇರಬೇಕೆನ್ನುವುದು ಆ ಮನೆಯ ಹಳೆಯ ಕ್ರಮ. ಒಂದನ್ನು ಬಿಟ್ಟರೆ ಒಂದೇ ಏಟಿಗೆ ಎಂಟು ಗ್ರಾಂ ಹೋಯಿತು, ಆಕೆಯ ಒಂದು ಕೆಲಸವೂ ಕಡಿಮೆಯಾಯಿತು. ಕೊನೆಗೆ ನಿಂತ ಲೆಕ್ಕ: ಹುಳಿಗೆ 7, ತಿಂಡಿಗೆ 4, ಪಲ್ಯಕ್ಕೆ 3, ಚಟ್ನಿಗೆ 2. ಹದಿನಾರು.

ರುಚಿಯ ವಿಷಯದಲ್ಲಿ ಅಡುಗೆಯಾಕೆಗೆ ನಾವು ಕಲಿಸಬೇಕಾದ್ದು ಕಡಿಮೆ. ಆದರೂ ಒಂದು ಸಂಗತಿ ಹೇಳಿದರೆ ಅವರಿಗೆ ಉಪಯೋಗವಾಗುತ್ತದೆ. ಉಪ್ಪು ಕಹಿಯನ್ನು ಅಡಗಿಸುತ್ತದೆ. ಉಪ್ಪು ಕಡಿಮೆಯಾದಾಗ ಮೆಂತ್ಯ, ಹಾಗಲಕಾಯಿ, ಸ್ವಲ್ಪ ಹೊತ್ತಿದ ಒಗ್ಗರಣೆ ಮೊದಲಿಗಿಂತ ಹೆಚ್ಚು ಕಹಿ ಎನ್ನಿಸುತ್ತವೆ. ಹಾಗಾಗಿ ಪುಡಿಯಲ್ಲಿ ಮೆಂತ್ಯ ಇಳಿಸಬೇಕು, ಖಾರವನ್ನೂ ಒಂದು ಮೆಣಸಿನಕಾಯಿಯಷ್ಟು ತಗ್ಗಿಸಬೇಕು, ಇಲ್ಲವಾದರೆ ಬರೀ ಖಾರವೇ ಎದ್ದು ನಿಲ್ಲುತ್ತದೆ. ಇಳಿಸಿದ ಮೇಲೆ ಹಿಂಡಿದ ನಿಂಬೆಹಣ್ಣು, ಹಸಿ ತೆಂಗಿನತುರಿ, ಹುರಿದು ಕುಟ್ಟಿದ ಜೀರಿಗೆ, ಕೊನೆಯಲ್ಲಿ ಹಾಕಿದ ಇಂಗಿನ ಒಗ್ಗರಣೆ, ಇವು ಸಪ್ಪೆತನವನ್ನು ಬಹುಮಟ್ಟಿಗೆ ಮರೆಸುತ್ತವೆ. ಪಲ್ಯಕ್ಕೆ ಮೊದಲೇ ಉಪ್ಪು ಹಾಕಿದರೆ ತರಕಾರಿ ನೀರು ಬಿಟ್ಟು ಬೇಗ ಬೇಯುತ್ತದೆ ಎಂಬ ಕಾರಣಕ್ಕೆ ಕೆಲವರು ಮೊದಲೇ ಹಾಕುತ್ತಾರೆ. ಆ ಜಾಗದಲ್ಲಿ ನೀರು ಚಿಮುಕಿಸಿ ಮುಚ್ಚಿಟ್ಟರೆ ಆಯಿತು. ಉಪ್ಪು ಕೊನೆಗೆ ಬಿದ್ದರೆ ಮೇಲ್ಮೈಯಲ್ಲೇ ಉಳಿದು, ಕಡಿಮೆ ಹಾಕಿದ್ದರೂ ನಾಲಿಗೆಗೆ ಸಿಗುತ್ತದೆ.

ಆಕೆಗೆ ಹೇಳಿರಲೇಬೇಕಾದ ಇನ್ನೊಂದು ವಿಷಯ, ಉಪ್ಪಿನ ರೂಪದಲ್ಲಿ ಬಾರದ ಉಪ್ಪು. ಅಂಗಡಿಯ ಸಿದ್ಧ ಮಿಶ್ರಣಗಳು, ಶುಂಠಿ-ಬೆಳ್ಳುಳ್ಳಿ ಪೇಸ್ಟು, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಸಾಸು, ಇವುಗಳಲ್ಲಿ ಉಪ್ಪು ಇದ್ದೇ ಇರುತ್ತದೆ. ಕಾಳು ಬೇಯಿಸಲು ಹಾಕುವ ಅಡುಗೆಸೋಡಾದಲ್ಲೂ ಸೋಡಿಯಂ ಇದೆ. ಪೊಟ್ಟಣದ ಹಿಂದೆ ಸೋಡಿಯಂ ಎಷ್ಟು ಮಿಲಿಗ್ರಾಂ ಎಂದು ಬರೆದಿರುತ್ತದೆ, ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. ಈ ಓದುವ ಕೆಲಸ ಮನೆಯವರದು, ಅಡುಗೆಯಾಕೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಅಂಥ ಪೊಟ್ಟಣಗಳನ್ನು ಬೇರೆ ಗೂಡಿನಲ್ಲಿಟ್ಟು, “ಇವನ್ನು ಹಾಕಿದ ದಿನ ಡಬ್ಬಿಯ ಉಪ್ಪು ಮುಟ್ಟಬೇಡಿ, ಮೊದಲು ಕೇಳಿ” ಎಂದರೆ ಸಾಕು. ಕಲ್ಲುಪ್ಪು, ಸೈಂಧವ ಲವಣ ಪರವಾಗಿಲ್ಲ ಎಂಬ ನಂಬಿಕೆ ಹಲವರಲ್ಲಿದೆ. ಅವೂ ಹೆಚ್ಚುಕಡಿಮೆ ಅದೇ ಉಪ್ಪು.

ಕಡಿಮೆ ಸೋಡಿಯಂ ಎಂದು ಬರೆದ ಉಪ್ಪಿನ ಪೊಟ್ಟಣಗಳು ಈಗ ಅಂಗಡಿಯಲ್ಲಿ ಸಿಗುತ್ತವೆ. ಅವುಗಳಲ್ಲಿ ಸೋಡಿಯಂ ಕ್ಲೋರೈಡಿನ ಒಂದು ಭಾಗಕ್ಕೆ ಬದಲು ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಮನೆಯಲ್ಲಿ ಉಪ್ಪು ಬಳಸುವುದೇ ಆದರೆ ಸಾಮಾನ್ಯ ಉಪ್ಪಿಗೆ ಬದಲಾಗಿ ಇದನ್ನು ಬಳಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಸಲಹೆ ಕೊಟ್ಟಿದೆ. ಆದರೆ ಆ ಸಲಹೆ ಮಕ್ಕಳಿಗೆ, ಗರ್ಭಿಣಿಯರಿಗೆ, ಮೂತ್ರಪಿಂಡದ ತೊಂದರೆ ಇರುವವರಿಗೆ ಅನ್ವಯಿಸುವುದಿಲ್ಲ. ಬಿಪಿಗೆ ನಮ್ಮಲ್ಲಿ ಬಹಳವಾಗಿ ಕೊಡುವ ಟೆಲ್ಮಿಸಾರ್ಟನ್, ಲೊಸಾರ್ಟನ್, ರಾಮಿಪ್ರಿಲ್, ಮತ್ತೆ ಸ್ಪೈರೊನೊಲ್ಯಾಕ್ಟೋನ್ ಮಾತ್ರೆಗಳು ದೇಹದಲ್ಲಿ ಪೊಟ್ಯಾಸಿಯಂ ಉಳಿಸಿಕೊಳ್ಳುತ್ತವೆ. ಅದು ಮಿತಿ ಮೀರಿದರೆ ಹೃದಯದ ಬಡಿತವೇ ಏರುಪೇರಾಗುತ್ತದೆ. ಆದ್ದರಿಂದ ಡಾಕ್ಟರನ್ನು ಕೇಳದೆ ಈ ಪೊಟ್ಟಣ ಮನೆಗೆ ಬರಬಾರದು. ಅಡುಗೆಯಾಕೆಗೂ ಇದನ್ನು ಬಿಡಿಸಿ ಹೇಳಿರಬೇಕು. ಬಿಪಿಗೆ ಒಳ್ಳೆಯದಂತೆ ಎಂದು ಆಕೆ ತಮ್ಮ ಅತ್ತೆಗಾಗಿಯೋ, ಇನ್ನೊಂದು ಮನೆಯವರಿಗೋ ಅದನ್ನು ಹೇಳುವ ಸಾಧ್ಯತೆ ಇದೆ.

ಮನೆಯೊಳಗೆ ಒಂದು ಒಪ್ಪಂದ ಇರಬೇಕು, ಉಪ್ಪಿನ ಬಗ್ಗೆ ಆಕೆಗೆ ಮಾತಾಡುವವರು ಒಬ್ಬರೇ ಎಂದು. ಸೊಸೆ ಒಂದು ಹೇಳಿ, ಮಗ “ಆಂಟಿ, ಪಲ್ಯ ಸಪ್ಪೆ” ಅಂದು, ಮಾವ ತಾವೇ ಅಡುಗೆಮನೆಗೆ ಬಂದು “ಒಂದು ಹರಳು ಹಾಕಮ್ಮ, ಏನೂ ಆಗಲ್ಲ” ಎಂದು ಮೆಲ್ಲಗೆ ಕೇಳಿದರೆ, ಆಕೆ ಯಾರ ಮಾತು ಕೇಳಬೇಕು? ಮನೆಯ ಹಿರಿಯರಿಗೆ ಇಲ್ಲ ಎನ್ನುವುದು ಕೆಲಸದವರಿಗೆ ಸಾಧ್ಯವೇ ಇಲ್ಲದ ಮಾತು. ಆ ಸಂಕಟಕ್ಕೆ ಆಕೆಯನ್ನು ನೂಕಬಾರದು. ಮಾವನಿಗೆ ಮನೆಯವರೇ ಹೇಳಬೇಕು, ಸಾಧ್ಯವಾದರೆ ಆಕೆಯ ಎದುರಿಗೇ: “ಉಪ್ಪಿನ ಬಗ್ಗೆ ಅಕ್ಕನನ್ನ ಕೇಳಬೇಡಿ, ನನ್ನನ್ನ ಕೇಳಿ.” ಕಾಯಿಲೆಯ ವಿಷಯವನ್ನು ಬೇರೆ ಮನೆಗಳಲ್ಲಿ ಹೇಳಬಾರದು ಎಂಬ ಇಚ್ಛೆ ಇದ್ದರೆ ಅದನ್ನೂ ಮುಚ್ಚುಮರೆಯಿಲ್ಲದೆ ಕೇಳಿಕೊಳ್ಳಬಹುದು. ಮಾವನವರನ್ನು ಮೊದಲೇ ಕೇಳಿ, ಎಷ್ಟು ಹೇಳಬೇಕೋ ಅಷ್ಟನ್ನೇ ಹೇಳಿದರೂ ತಪ್ಪಿಲ್ಲ. ಉಪ್ಪು ಎಷ್ಟು ಎಂಬುದು ಆಕೆಗೆ ತಿಳಿಯಬೇಕು, ಪರೀಕ್ಷೆಯ ವರದಿಗಳೆಲ್ಲ ತಿಳಿಯಬೇಕಿಲ್ಲ.

ಸಂಬಳದ ಮಾತನ್ನೂ ತಡಮಾಡದೆ ಆಡಬೇಕು. ಇಲ್ಲಿ ಸಾರು ಬಿಟ್ಟಿದ್ದರಿಂದ ಆಕೆಯ ಹೊತ್ತು ಸರಿಹೋಯಿತು. ರೋಗಿಗೆ ಬೇರೆ ಪಲ್ಯ, ಬೇರೆ ತಿಂಡಿ ಬೇಕಾಗುವ ಮನೆಯಲ್ಲಿ ದಿನಕ್ಕೆ ಇಪ್ಪತ್ತು ನಿಮಿಷ ಹೆಚ್ಚಿಗೆ ಹೋಗುತ್ತದೆ. ತಿಂಗಳಿಗೆ ಅದು ಹತ್ತು ಗಂಟೆಯ ಕೆಲಸ. ಒಂದೋ ಆ ಹತ್ತು ಗಂಟೆಗೆ ಸಂಬಳ ಸೇರಿಸಬೇಕು, ಇಲ್ಲವೇ ತರಕಾರಿ ಹೆಚ್ಚಿಡುವ, ತೆಂಗಿನಕಾಯಿ ತುರಿದಿಡುವ ಕೆಲಸ ಮನೆಯವರು ವಹಿಸಿಕೊಳ್ಳಬೇಕು. ಆಕೆ ಬೆಳಗಿನ ತಿಂಡಿ ಅಲ್ಲೇ ತಿನ್ನುವವರಾದರೆ, ಅವರ ತಟ್ಟೆಯ ಪಕ್ಕ ಉಪ್ಪಿನ ಬಟ್ಟಲು ಇರಲಿ. ಪಥ್ಯ ಅವರದಲ್ಲ. ಆಕೆಗೂ ಬಿಪಿ ನೋಡಿಸಿ ಎಷ್ಟು ದಿನವಾಯಿತೋ ಕೇಳಬಹುದು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಬೆಂಗಳೂರಿನಲ್ಲಾದರೆ ನಮ್ಮ ಕ್ಲಿನಿಕ್‌ನಲ್ಲಿ ಅದನ್ನು ಉಚಿತವಾಗಿ ನೋಡುತ್ತಾರೆ.

ಏರ್ಪಾಡು ನಿಂತಿದೆಯೇ ಎಂದು ತಿಳಿಯಲು ಆಕೆಯ ಬೆನ್ನ ಹಿಂದೆ ನಿಂತು ನೋಡುವುದು ಬೇಡ. ಪೊಟ್ಟಣ ಒಡೆದ ದಿನದ ತಾರೀಖನ್ನು ಅದರ ಮೇಲೆ ಬರೆದಿಟ್ಟರೆ ಸಾಕು. 25 ದಿನಕ್ಕೆ ಮುಗಿಯುತ್ತಿದ್ದ ಕಿಲೋ ಉಪ್ಪು ದಿನಕ್ಕೆ 16 ಗ್ರಾಂ ಲೆಕ್ಕದಲ್ಲಿ ಎರಡು ತಿಂಗಳು ಬರಬೇಕು. ತಿಂಗಳಿಗೇ ಖಾಲಿಯಾದರೆ ಎಲ್ಲೋ ಸೋರುತ್ತಿದೆ ಎಂದು ಅರ್ಥ. ಮೊದಲು ನೋಡಬೇಕಾದ್ದು ಮೇಜಿನ ಮೇಲಿನ ಬಟ್ಟಲನ್ನು, ಮಗನ ಮಜ್ಜಿಗೆ ಲೋಟವನ್ನು, ರಾತ್ರಿ ಮನೆಯವರೇ ಮಾಡಿಕೊಳ್ಳುವ ಚಿತ್ರಾನ್ನವನ್ನು. ಅಡುಗೆಯಾಕೆಯನ್ನು ಕೇಳುವುದು ಆಮೇಲೆ. ಕೇಳುವಾಗಲೂ “ಡಬ್ಬಿಯಲ್ಲಿ ಸಾಲ್ತಾ ಇಲ್ವಾ ಅಕ್ಕ? ಯಾವುದಕ್ಕೆ ಕಮ್ಮಿ ಬೀಳ್ತಿದೆ?” ಎಂದು ಕೇಳಿದರೆ ನಿಜ ಹೊರಬರುತ್ತದೆ. ಆ ಮನೆಯಲ್ಲಿ ಹೊರಬಂದದ್ದು, ಅವರೆಕಾಳಿನ ಹುಳಿ ಮಾಡಿದ ದಿನ ಏಳು ಗ್ರಾಂ ಏನೇನೂ ಸಾಲದು ಎಂಬ ಮಾತು. ಅವರೆಕಾಳಿನ ದಿನ ಚಟ್ನಿ ಬೇಡ, ಅದರ ಎರಡು ಗ್ರಾಂ ಹುಳಿಗೇ ಹೋಗಲಿ ಎಂದು ಆಕೆಯೇ ತೀರ್ಮಾನಿಸಿದರು.

ಒಂದೆರಡು ತಿಂಗಳ ಮೇಲೆ ಬಿಪಿ ಮತ್ತೆ ತೋರಿಸಿದಾಗ ಅಂಕಿ ಏನು ಬಂತೆಂದು ಆಕೆಗೂ ಹೇಳಬೇಕು. ಇಳಿದಿದ್ದರೆ ಅದರಲ್ಲಿ ಮಾತ್ರೆಯ ಪಾಲು ಎಷ್ಟು, ಉಪ್ಪಿನ ಪಾಲು ಎಷ್ಟು ಎಂದು ಬೇರ್ಪಡಿಸಲು ಬರುವುದಿಲ್ಲ, ಆದರೂ ಅವರ ಕೆಲಸ ಅದರಲ್ಲಿದೆ. ಇಳಿಯದಿದ್ದರೂ ಹೇಳಬೇಕು, ಅಡುಗೆಯ ತಪ್ಪಲ್ಲ, ಡಾಕ್ಟರು ಮಾತ್ರೆ ಬದಲಿಸಿದ್ದಾರೆ ಎಂದು. ಉಪ್ಪಿನ ಮಿತಿ ಬದಲಾಗಿದ್ದರೆ ಹೊಸ ಅಂಕಿ ತಿಳಿಸಿ, ಮತ್ತೊಂದು ಕಾಫಿ ಹೊತ್ತಿನಲ್ಲಿ ತಕ್ಕಡಿ ತೆಗೆದು, ಯಾವುದಕ್ಕೆ ಎಷ್ಟು ಎಂದು ಆಕೆಯ ಜೊತೆ ಕೂತು ಹಂಚಿಕೊಳ್ಳಬೇಕು.